ಏಳು ಸಾವಿರದ ಪಾವತಿ

ಹುನಗುಂದದ ಲೆಕ್ಕಪರಿಶೋಧಕ ಶಿವಪ್ರಕಾಶರ ಕಚೇರಿಯಲ್ಲಿ ನೇತ್ರಾಗೆ ಒಳ್ಳೆಯ ಹೆಸರಿತ್ತು. ಎಂಥ ಗೋಜಲಿನ ಕಾಗದದ ಗಂಟು ಕೊಟ್ಟರೂ ಸಂಜೆಯೊಳಗೆ ಮೊತ್ತ ತೆಗೆದು ಮೇಜಿನ ಮೇಲಿಡುವ ಹುಡುಗಿ. ಕೈ ಚುರುಕಾದವರನ್ನು ಜನ ಹೊಗಳುತ್ತಾರೆ, ಆ ಕೈ ಎಲ್ಲಿ ಎಡವಿತೆಂದು ಯಾರೂ ಕೇಳುವುದಿಲ್ಲ.

ಮರೋಳದ ಆಚೆಯ ಒಂದು ಊರಿನಿಂದ ಕುರಿಗಾರರ ಸಂಘದ ಪಾವತಿಗಳು, ಅಂದರೆ ದುಡ್ಡು ಕೊಟ್ಟವರಿಗೆ ಬರೆದ ರಸೀದಿಗಳ ಪ್ರತಿಗಳು, ಬಂದವು. ಕುರಿಗಳ ಔಷಧಿಗೆ, ವಿಮೆಗೆ ಮನೆಮನೆಯಿಂದ ದುಡ್ಡು ಕೂಡಿಸಿ ಬ್ಯಾಂಕಿಗೆ ಕಟ್ಟುವವನು ಅಮಸಿದ್ದಪ್ಪ. ಕುರಿಗಾರರ ದೇವರು ಬೀರಪ್ಪನ ಒಕ್ಕಲು, ಊರೆಲ್ಲ ನಂಬಿದ ಮನುಷ್ಯ. ಪಾವತಿ ಪುಸ್ತಕದಲ್ಲಿ ರೂಪಾಯಿಯ ಚಿಹ್ನೆ ಮೊದಲೇ ಅಚ್ಚಾಗಿತ್ತು. ಅಮಸಿದ್ದಪ್ಪ ಅದಕ್ಕೆ ಅಂಟಿಸಿಯೇ ಅಂಕಿ ಬರೆಯುತ್ತಿದ್ದ, ನಡುವೆ ಜಾಗ ಬಿಟ್ಟರೆ ಯಾರಾದರೂ ಇನ್ನೊಂದು ಅಂಕಿ ಸೇರಿಸಿಯಾರೆಂಬ ಎಚ್ಚರ. ಪಾಪ, ಆ ಎಚ್ಚರವೇ ಅವನ ಕುತ್ತಿಗೆಗೆ ಬಂತು.

ನೇತ್ರಾ ಪಾವತಿಗಳ ಫೋಟೊ ತೆಗೆದಳು. ಮೊಬೈಲಿನ ಆ್ಯಪ್ ಅಂಕಿಗಳನ್ನು ಓದಿ ಕಂಪ್ಯೂಟರಿನ ಹಾಳೆಗೆ ತುಂಬಿತು. ಕೆಲವು ಅಂಕಿಗಳ ಮುಂದೆ ₹ ಇತ್ತು, ಕೆಲವುಗಳ ಮುಂದೆ ಇರಲಿಲ್ಲ. ಚಿಹ್ನೆ ಇದ್ದರೆ ಕಂಪ್ಯೂಟರು ಅದನ್ನು ಅಂಕಿಯೆಂದು ಎಣಿಸದೆ ಬಿಟ್ಟುಬಿಡುತ್ತದೆ, ಮೊತ್ತ ಕೂಡುವುದಿಲ್ಲ. ಹಾಗಾಗಿ ಅವಳು ಒಂದೇ ಏಟಿಗೆ ಎಲ್ಲ ₹ ಗಳನ್ನೂ ಅಳಿಸಿ, ಕೂಡಿಸಿದಳು. ಬ್ಯಾಂಕಿಗೆ ಕಟ್ಟಿದ್ದಕ್ಕಿಂತ ಒಂದು ಲಕ್ಷ ಎಂಬತ್ತನಾಲ್ಕು ಸಾವಿರ ಹೆಚ್ಚು ಬಂತು. ಜನರಿಂದ ಇಸಿದುಕೊಂಡದ್ದು ಹೆಚ್ಚು, ಕಟ್ಟಿದ್ದು ಕಡಿಮೆ ಅಂದಮೇಲೆ ನಡುವಿನದು ಯಾರ ಕಿಸೆಯಲ್ಲಿ? ಶಿವಪ್ರಕಾಶರು ವರದಿಗೆ ಸಹಿ ಹಾಕಿದರು.

ಸಂಘದ ಸಭೆಗೆ ನೇತ್ರಾಳನ್ನೂ ಕರೆದುಕೊಂಡು ಹೋದರು. ಅಮಸಿದ್ದಪ್ಪ ಎದ್ದು ನಿಂತ.

"ಪಾವತಿ ತಂದು ಎಲ್ಲಾರ ಮುಂದ ಎಣಿಸ್ರೀ."

"ಕಂಪ್ಯೂಟರ ಎಣಿಸೇತಪಾ. ಅದಕೇನ ನಿನ್ನ ಮ್ಯಾಲ ಹಗಿ ಐತೇನು?" ಎಂದ ಸಂಘದ ಅಧ್ಯಕ್ಷ ಮಲಕಪ್ಪ.

ಜನ ನಕ್ಕರು. ಕೊನೆಗೆ ಯಾರೋ ಹಿರಿಯರು, ಬೀರಪ್ಪನ ಭಂಡಾರ ಮುಟ್ಟಿ ಆಣೆ ಮಾಡಲಿ ಅಂದರು. ಅಮಸಿದ್ದಪ್ಪ ಹಿಂದೆಮುಂದೆ ನೋಡಲಿಲ್ಲ. ಗುಡಿಗೆ ನಡೆದು, ಆ ಅರಿಶಿನದ ಪುಡಿಯನ್ನು ಬೊಗಸೆಯಲ್ಲಿ ಹಿಡಿದು, "ಒಂದ ರೂಪಾಯಿ ತಿಂದಿದ್ರ ನನ್ನ ಮನಿ ಉಳಿಯಬಾರದು" ಎಂದ. ಅವನ ಹೆಂಡತಿ ಸತ್ಯವ್ವ ಗುಡಿಯ ಕಂಬ ಹಿಡಿದು ನಿಂತಿದ್ದಳು. ನೇತ್ರಾಗೆ ಒಳಗೊಳಗೇ ಸಿಟ್ಟು ಬಂತು. ಲೆಕ್ಕ ಇಷ್ಟು ಸ್ಪಷ್ಟವಾಗಿರುವಾಗ ದೇವರ ಮುಂದೆಯೂ ಸುಳ್ಳು ಹೇಳುತ್ತಾನಲ್ಲ ಎಂದು.

ಮುಂದಿನ ಹುಣ್ಣಿಮೆ ಕಳೆಯುವಷ್ಟರಲ್ಲಿ ಸತ್ಯವ್ವನಿಗೆ ಲಕ್ವಾ ಹೊಡೆಯಿತು. ಬಾಯಿ ಒಂದು ಕಡೆ ವಾಲಿತು, ಬಲಗೈ ಬಿದ್ದುಹೋಯಿತು. ಊರಿಗೆ ಮತ್ತೇನು ಬೇಕು? ಭಂಡಾರ ಸುಮ್ಮನೆ ಬಿಡಲಿಲ್ಲ ಎಂದರು. ಅದಾದ ಮೇಲೆ ಅಮಸಿದ್ದಪ್ಪ ತಾನೇ ತಪ್ಪೊಪ್ಪಿಕೊಂಡ, ಕುರಿ ಹಿಂಡು ಮಾರಿ ದುಡ್ಡು ಕಟ್ಟಿದ ಎಂಬ ಸುದ್ದಿ ಕಚೇರಿಗೂ ಬಂತು. "ನೋಡಿದೇನು?" ಎಂದು ಶಿವಪ್ರಕಾಶರು ನೇತ್ರಾಳ ಬೆನ್ನು ತಟ್ಟಿದರು. ಅವಳಿಗೆ ಹೆಮ್ಮೆಯೇ ಆಯಿತು. ಇದನ್ನು ಮುಚ್ಚಿಟ್ಟು ಹೇಳುವುದರಲ್ಲಿ ಅರ್ಥವಿಲ್ಲ.

ಮುಂದೆ ಇಳಕಲ್ಲಿನ ಒಂದು ಮಹಿಳಾ ಸಂಘದ ಪಾವತಿಗಳು ಬಂದವು. ಅದೇ ಮುದ್ರಣಾಲಯದ ಪುಸ್ತಕ, ಅದೇ ಅಚ್ಚಿನ ಚಿಹ್ನೆ. ಹಾಳೆಯಲ್ಲಿ ಜೈನಬಿ ಎಂಬ ಮುದುಕಿಯ ಹೆಸರಿನ ಮುಂದೆ ಏಳು ಸಾವಿರದ ಇನ್ನೂರು ಎಂದಿತ್ತು. ಸೀರೆಗೆ ಕುಚ್ಚು ಕಟ್ಟಿ ಬದುಕುವ ಜೈನಬಿಯನ್ನು ನೇತ್ರಾ ಬಲ್ಲಳು. ಆಕೆ ಒಮ್ಮೆಲೆ ಏಳು ಸಾವಿರ ಕಟ್ಟುವ ಮಾತೇ ಇಲ್ಲ. ಪಾವತಿ ತೆಗೆದು ನೋಡಿದಳು. ₹200. ಆ್ಯಪು ಚಿಹ್ನೆಯನ್ನೇ ಏಳು ಎಂದು ಓದಿತ್ತು.

ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅನ್ನುತ್ತಾರೆ. ಇವಳು ಕಣ್ಣಾರೆ ಕೂಡ ಕಂಡಿರಲಿಲ್ಲ.

ಕಪಾಟಿನಿಂದ ಕುರಿಗಾರರ ಗಂಟು ತೆಗೆದು ಬಿಚ್ಚಿದಳು. ಹಳೆಯ ಹಾಳೆಯಲ್ಲಿ ಗುರುತೇ ಸಿಗುವಂತಿರಲಿಲ್ಲ. ಯಾವುದರ ಮುಂದೆ ₹ ಇತ್ತು, ಯಾವುದರ ಮುಂದೆ ಇರಲಿಲ್ಲ ಎಂಬುದನ್ನು ಅವಳೇ ಅಳಿಸಿ ಹಾಕಿದ್ದಳು. ಹೊಸದಾಗಿ ಫೋಟೊ ತೆಗೆದು, ಈ ಸಲ ಆ್ಯಪು ಓದಿದ್ದನ್ನು ಹಾಗೇ ಬಿಟ್ಟು, ಪಕ್ಕದ ಸಾಲಿನಲ್ಲಿ ಶುದ್ಧ ಮಾಡುತ್ತ ಹೋದಳು. ಚಿಹ್ನೆ ಸರಿಯಾಗಿ ಬಂದಲ್ಲಿ ಅದನ್ನು ತೆಗೆದರೆ ಸಾಕು. ಚಿಹ್ನೆ ಇಲ್ಲದ ಅಂಕಿಯೇ ಅನುಮಾನದ್ದು, ಅಲ್ಲಿ ಆ್ಯಪು ಚಿಹ್ನೆಯನ್ನು ಕೆಲವೊಮ್ಮೆ ಏಳೆಂದು, ಕೆಲವೊಮ್ಮೆ ಎರಡೆಂದು ಓದಿತ್ತು. ಆದರೆ ಮೊದಲ ಎರಡನ್ನೋ ಏಳನ್ನೋ ಕಣ್ಣುಮುಚ್ಚಿ ಹಾರಿಸುವಂತೆಯೂ ಇರಲಿಲ್ಲ. ಕೆಲವೆಡೆ ಚಿಹ್ನೆ ಪೂರ್ತಿ ಮಾಯವಾಗಿತ್ತು, ಅಲ್ಲಿ 250 ಎಂದರೆ ಖರೇನೇ ಇನ್ನೂರೈವತ್ತು. ಹಾಗಾಗಿ ಅಂಥ ಒಂದೊಂದನ್ನೂ ಕಾಗದದೊಂದಿಗೆ ಹೋಲಿಸಿದಳು. ಐವತ್ತು ಪಾವತಿಗಳಲ್ಲಿ ಚಿಹ್ನೆ ಎರಡಾಗಿತ್ತು, ಹನ್ನೆರಡರಲ್ಲಿ ಏಳಾಗಿತ್ತು. ಎಲ್ಲವೂ ಮೂರಂಕಿಯ ಮೊತ್ತಗಳೇ. ಒಂದೊಂದಕ್ಕೂ ಎರಡು ಸಾವಿರ, ಇಲ್ಲವೇ ಏಳು ಸಾವಿರ ಸುಮ್ಮನೆ ಬೆಳೆದಿತ್ತು. ಮತ್ತೆ ಕೂಡಿಸಿದಳು. ಬ್ಯಾಂಕಿನ ಮೊತ್ತಕ್ಕೆ ಒಂದು ರೂಪಾಯಿ ಆಚೀಚೆ ಇಲ್ಲದೆ ಕೂಡಿತು.

ಹಾಗಾದರೆ ಅವನು ಒಪ್ಪಿಕೊಂಡದ್ದು ಏನನ್ನು?

ಶಿವಪ್ರಕಾಶರು ಹಾಳೆಯನ್ನು ಕೊನೆಯವರೆಗೂ ನೋಡಿದರು. ಆಮೇಲೆ ಬಾಗಿಲು ಮುಂದೆ ಮಾಡಿದರು.

"ಅಂವನ ತಪ್ಪ ಒಪ್ಪಿಕೊಂಡಾನ ನೇತ್ರಾ. ಮುಗದ ಫೈಲ್ ಯಾಕ ಕೆದರ್ತಿ? ನನ್ನ ಸಹಿ ಐತಿ ಅದರ ಮ್ಯಾಗ."

"ಎಣಿಸಿದ್ದು ನಾನ್ರಿ ಸರ್," ಎಂದಳು ನೇತ್ರಾ. ಹಾಳೆ ಮಡಚಿಕೊಂಡು ಬಸ್ಸು ಹತ್ತಿದಳು.

ಅಮಸಿದ್ದಪ್ಪನ ಮನೆಯ ಮುಂದಿನ ಕುರಿದೊಡ್ಡಿ ಬರಿದಾಗಿತ್ತು. ಅವನು ಕಟ್ಟೆಯ ಮೇಲೆ ಕೂತಿದ್ದ. ಸತ್ಯವ್ವ ತೀರಿಹೋಗಿ ತಿಂಗಳಾಗಿತ್ತಂತೆ, ಕಚೇರಿಗೆ ಆ ಸುದ್ದಿ ಬಂದಿರಲಿಲ್ಲ. ನೇತ್ರಾ ಕಾಲಬುಡದಲ್ಲಿ ಕೂತು ಎಲ್ಲವನ್ನೂ ಹೇಳಿದಳು, ಅಳುತ್ತಲೇ ಹೇಳಿದಳು.

"ನೀವು ಒಂದ ರೂಪಾಯಿ ಸೈತ ಮುಟ್ಟಿಲ್ಲ ಕಾಕಾ. ತಪ್ಪು ನಂದು. ನಿಮ್ಮ ದುಡ್ಡು ಹೊಳ್ಳಿ ಬರಬೇಕು. ಮತ್ತ ಯಾಕ ಒಪ್ಪಿಕೊಂಡ್ರಿ?"

ಅವನು ಹಾಳೆಯನ್ನು ಕೈಗೆ ತೆಗೆದುಕೊಳ್ಳಲಿಲ್ಲ.

"ಆಕಿ ಹಾಸಿಗ್ಯಾಗ ಬಿದ್ದಾಗಿಂದ ಒಂದ ಮಾತು ತಂಗಿ. 'ನೀವು ಸುಳ್ಳ ಆಣಿ ಮಾಡೀರಿ, ಅದಕ ದೇವರು ನನ್ನ ಹಿಡದಾನ. ಒಪ್ಪಿಕೋರಿ, ನನ್ನ ಬಿಡತಾನ' ಅಂತ ಎಡಗೈಲೆ ನನ್ನ ಕಾಲ ಹಿಡೀತಿದ್ಲು. ಇಲ್ಲಬೇ, ನಾ ತಿಂದಿಲ್ಲ ಅಂತ ಎಷ್ಟ ಸಲ ಹೇಳಿದೆ. ನಂಬಲಿಲ್ಲ. ಕಂಪ್ಯೂಟರ ಎಣಿಸೇತಿ ಅಂದ್ಲು." ಅವನು ಧೋತರದ ಚುಂಗಿನಿಂದ ಮುಖ ಒರೆಸಿಕೊಂಡ. "ಒಪ್ಪಿಕೊಂಡ್ರ ಎದ್ದ ಕೂಡ್ತಾಳೇನೋ ಅಂತ ಆಸೆ. ಮಂದಿ ಕರದು ತಿಂದೀನಿ ಅಂದೆ. ಕುರಿ ಮಾರಿ ಕಟ್ಟಿದೆ. ಅವತ್ತ ಆಕಿ ಒಂದ ರೊಟ್ಟಿ ಉಂಡ್ಲು. ಮೂರನೇ ದಿನಕ್ಕ ಹ್ವಾದ್ಲು."

ನೇತ್ರಾ, ಊರವರನ್ನು ಕೂಡಿಸಿ ಎಲ್ಲರ ಮುಂದೆ ತಪ್ಪೊಪ್ಪಿಕೊಳ್ಳುತ್ತೇನೆ ಎಂದಳು.

"ಊರಿಗೆ ಹೇಳಾಕಿ ಅದಿ, ಹೇಳು," ಎಂದ ಅಮಸಿದ್ದಪ್ಪ. "ಆದ್ರ ಆಕಿ ನನ್ನ ಕಳ್ಳ ಅಂತನ ತಿಳಕೊಂಡು ಸತ್ಲು. ಹಂಗಂತ ಆಕಿಗೆ ಹೇಳಿದಾಂವ ನಾನ."