ನೀರು ಕುಡಿದ ಹನ್ನೆರಡು ಆಡುಗಳು

ಪಾರ್ವತಿಬಾಯಿ ಮೊಮ್ಮಕ್ಕಳಿಗೆ ಕಥೆ ಹೇಳುವಾಗ ಮೊದಲೇ ಕೈ ತೊಳೆದುಕೊಂಡುಬಿಡುತ್ತಿದ್ದಳು. ‘ಇತ್ತಂತ, ನಾ ಕಂಡಿಲ್ಲ. ಕಂಡವ್ರು ಹೇಳ್ಯಾರ, ಅವ್ರು ಖರೆ ಹೇಳ್ಯಾರಿಲ್ಲೋ ದೇವ್ರೇ ಬಲ್ಲ.’ ಹುಮನಾಬಾದಿನ ಆ ಮನೆಯಲ್ಲಿ ಬೆಳೆದ ಮೊಮ್ಮಗಳು ಪೂನಂ ಮುಂದೆ ಜರ್ಮನಿಗೆ ಹೋಗಿ ಪಶುವೈದ್ಯ ಸಂಶೋಧನೆ ಹಿಡಿದಾಗ, ಅಲ್ಲಿಯ ಪಂಡಿತರ ಬರವಣಿಗೆ ಅವಳಿಗೆ ಹೊಸದೆನಿಸಲೇ ಇಲ್ಲ. ಅವರೂ ಅಜ್ಜಿಯ ಜಾತಿಯವರೇ. ‘ನಾವು ಸಾಬೀತು ಮಾಡಿದೆವು’ ಎಂದು ಯಾರೂ ಬರೆಯರು. ‘ಡೀ ಎರ್ಗೇಬ್ನಿಸ್ಸೆ ಡಾಯ್ಟೆನ್ ಡರಾಉಫ್ ಹಿನ್’ ಎನ್ನುವರು, ಅಂದರೆ ಫಲಿತಾಂಶಗಳು ಆ ಕಡೆ ಬೆರಳು ತೋರುತ್ತವೆ, ಅಷ್ಟೇ.

ಆಡಿನ ಹೊಟ್ಟೆಹುಳಕ್ಕೆ ಸೀತಾಫಲದ ಎಲೆ ಪರೀಕ್ಷಿಸಲು ಈಗ ಅವಳು ಊರಿಗೆ ಬಂದಿದ್ದಳು. ಅದರ ಮೇಲಿನ ಮೂರನೆಯ ಪ್ರಬಂಧದ ಜರ್ಮನ್ ಸಾರಾಂಶ ಇವತ್ತು ಅಲ್ಲಿಯ ಮಧ್ಯಾಹ್ನ ಹನ್ನೆರಡರೊಳಗೆ, ಇಲ್ಲಿಯ ಮೂರೂವರೆಯೊಳಗೆ, ಪತ್ರಿಕೆಗೆ ಮುಟ್ಟಬೇಕಿತ್ತು. ಸಾರಾಂಶ ನೋಡಿಯೇ ಸಂಪಾದಕರು ಪ್ರಬಂಧವನ್ನು ವಿಶೇಷ ಸಂಚಿಕೆಗೆ ಆರಿಸುವವರು. ಮೂರು ಪ್ರಬಂಧ ಅಚ್ಚಿಗೆ ಒಪ್ಪಿತವಾಗದೆ ಡಾಕ್ಟರೇಟ್ ಇಲ್ಲ. ಇದು ತಪ್ಪಿದರೆ ವರ್ಷವೇ ತಪ್ಪಿದಂತೆ. ಇನ್ನೂರೈವತ್ತು ಪದದ ಮಿತಿ. ಅವಳದು ಇನ್ನೂರ ನಲವತ್ತೆಂಟಕ್ಕೆ ನಿಂತಿತ್ತು. ಬಾಕಿ ಉಳಿದದ್ದು ಒಂದು ಹೆಬ್ಬೆಟ್ಟು. ಪ್ರಯೋಗದ ಆಡುಗಳ ಒಡೆಯರ ಒಪ್ಪಿಗೆ ಪತ್ರಕ್ಕೆ ಭೀಮಶಾ ಸಹಿ ಹಾಕಿದ್ದ, ಆದರೆ ಆಡುಗಳಿದ್ದದ್ದು ಅವನ ತಾಯಿ ಗಂಗುಬಾಯಿಯ ಹೆಸರಿನಲ್ಲಿ. ಅದಕ್ಕೇ ಪೂನಂ ಲ್ಯಾಪ್‌ಟಾಪ್ ಬಗಲಿಗೆ ಹಾಕಿಕೊಂಡು ಬೆಳಗಿನ ಬಸ್ಸು ಹಿಡಿದು ಬಸವಕಲ್ಯಾಣಕ್ಕೆ ಬಂದಿದ್ದಳು.

ಊರಂಚಿನ ಹಟ್ಟಿಯಲ್ಲಿ ಗಂಗುಬಾಯಿ ಹೆಬ್ಬೆಟ್ಟಿಗೆ ಶಾಯಿ ಹಚ್ಚಿಕೊಂಡಳು. ಇನ್ನೇನು ಒತ್ತಬೇಕು, ಕೈ ಗಾಳಿಯಲ್ಲೇ ನಿಂತಿತು.

“ಮ್ಯಾಲ ಏನ್ ಬರ್ದದ, ಒಮ್ಮಿ ಓದವ್ವ.”

ಪೂನಂ ಓದಿದಳು. ಕಿವಿಗೆ ನೀಲಿ ಬಿಲ್ಲೆ ಹಾಕಿದ ಹನ್ನೆರಡು ಆಡುಗಳಿಗೆ ಸೀತಾಫಲದ ಎಲೆಯ ರಸ ಕುಡಿಸಲಾಗಿದೆ. ಹಳದಿ ಬಿಲ್ಲೆಯ ಹನ್ನೆರಡಕ್ಕೆ ಬರೀ ನೀರು, ಬೇರೆ ಯಾವ ಔಷಧಿಯನ್ನೂ ಕೊಟ್ಟಿಲ್ಲ.

“ಇದಕ್ಕ ನಾ ಒತ್ತಂಗಿಲ್ಲ,” ಎಂದಳು ಗಂಗುಬಾಯಿ. “ಹಸಿ ಸುಳ್ಳದು.”

“ಯವ್ವಾ, ನೀ ಸುಮ್ಕಿರು,” ಎಂದ ಭೀಮಶಾ. ಅವನು ಹಾಗೆ ಅಂದ ರಭಸಕ್ಕೇ ಏನೋ ನಡೆದಿದೆಯೆಂದು ಪೂನಂಗೆ ತಿಳಿದುಹೋಯಿತು.

ಮುದುಕಿ ಸುಮ್ಮನಿರಲಿಲ್ಲ. ಆಡಿನ ಕಣ್ಣಿನ ಕೆಳರೆಪ್ಪೆ ಮಡಚಿ ನೋಡುವುದನ್ನು ಪೂನಂ ತಾನೇ ಕಲಿಸಿದ್ದಳು: ಕೆಂಪಿದ್ದರೆ ಸರಿ, ಬೆಳ್ಳಗಾದರೆ ಹೊಟ್ಟೆಯ ಹುಳ ರಕ್ತ ಹೀರುತ್ತಿವೆ, ಕೂಡಲೇ ಫೋನ್ ಮಾಡಿರಿ ಎಂದಿದ್ದಳು. ಪ್ರಯೋಗದ ಒಂಬತ್ತನೆಯ ದಿನ ಸಂಜೆ ಹಳದಿ ಬಿಲ್ಲೆಯವುಗಳಲ್ಲಿ ಕೆಲವಕ್ಕೆ ರೆಪ್ಪೆ ಸುಣ್ಣದಂತಾಗಿತ್ತು. ಫೋನ್ ಮಾಡಿಸಿದಳು, ಎತ್ತಲಿಲ್ಲ. ಪೂನಂ ಆಗ ಬೀದರಿನ ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಹಿಕ್ಕೆಯೊಳಗಿನ ಹುಳದ ಮೊಟ್ಟೆ ಎಣಿಸುತ್ತಿದ್ದಳು, ಫೋನು ಚೀಲದೊಳಗಿತ್ತು. ಗಂಗುಬಾಯಿ ಬಾಟಲಿಯಲ್ಲಿ ಉಳಿದಿದ್ದ ಎಲೆರಸವನ್ನು ಆ ಆಡುಗಳಿಗೆ ಹೊಯ್ದುಬಿಟ್ಟಳು.

“ಅದರ ಬಾಜೂದ್ದು ಔಷಧ ಕುಡ್ದು ಜಿಗ್ಯಾಕತ್ತದ, ಇದು ನೀರ್ ಕುಡ್ದು ನನ್ನ ಮಾರಿ ನೋಡ್ತದ. ನಾ ಏನ್ ಮಾಡ್ಲಿ? ನೀ ಆಗಿದ್ರ ಏನ್ ಮಾಡ್ತಿದ್ದಿ?”

ಪೂನಂ ಲ್ಯಾಪ್‌ಟಾಪ್ ತೆರೆದಳು. ನೀಲಿಯವುಗಳಲ್ಲಿ ಮೊಟ್ಟೆ ಶೇಕಡ ಅರವತ್ತನಾಲ್ಕು ಇಳಿದಿತ್ತು, ಹಳದಿಯವುಗಳಲ್ಲಿ ಇಪ್ಪತ್ತೇಳು. ಬರೀ ನೀರಿಗೆ ಇಪ್ಪತ್ತೇಳು ಯಾಕೆ ಇಳಿಯಬೇಕೆಂದು ಅವಳಿಗೆ ಅರ್ಥವಾಗಿರಲಿಲ್ಲ. ಅಲ್ಲೊಂದು ‘ಫೆರ್ಮೂಟ್ಲಿಷ್’ ಇಟ್ಟಿದ್ದಳು: ಈ ಇಳಿಕೆ ಬಹುಶಃ ಋತುಮಾನದ ಏರಿಳಿತದಿಂದ ಬಂದದ್ದು. ಬರೆದ ದಿನ ಎಷ್ಟು ವಿನಯದ ವಾಕ್ಯ ಅನ್ನಿಸಿತ್ತು! ಈಗ ನೋಡಿದರೆ ಅದು ವಿನಯವಲ್ಲ, ಗೊತ್ತಿಲ್ಲದ್ದರ ಮೇಲೆ ಹೊದಿಸಿದ ಚಾದರ. ಅಜ್ಜಿ ‘ನಾ ಕಂಡಿಲ್ಲ’ ಎಂದು ನೇರ ಹೇಳುತ್ತಿದ್ದಳು. ಇವಳು ಕಂಡವಳ ಹಾಗೆ ‘ಬಹುಶಃ’ ಎಂದಿದ್ದಳು.

ಎರಡು ಗಂಟೆ ಹತ್ತು ನಿಮಿಷ.

“ಹೋಗ್ಲಿ ಬಿಡ್ರಿ ಡಾಕ್ಟರಬಾಯಿ,” ಭೀಮಶಾ ದನಿ ತಗ್ಗಿಸಿದ. “ಯವ್ವನ ಪರವಾಗಿ ನಾನೇ ಮತ್ತೊಂದು ಸಹಿ ಹಾಕ್ತೀನಿ. ಆಡೇನ್ ಜರ್ಮನಿಗಿ ಹೋಗಿ ಸಾಕ್ಷಿ ಹೇಳ್ತಾವೇನ್ರಿ?”

ಆಡು ಹೇಳುವುದಿಲ್ಲ, ನಿಜ. ಪೂನಂ ಒಂದು ಕ್ಷಣ ಆ ಮಾತಿನ ನೆರಳಲ್ಲಿ ಕುಳಿತಳು, ತಂಪಾಗಿಯೇ ಇತ್ತು. ಹುಮನಾಬಾದಿನಲ್ಲಿ ಅಪ್ಪ ಗುರುಲಿಂಗ ತನ್ನ ಪಶು ಆಹಾರದ ಅಂಗಡಿಗೆ ಬಂದವರಿಗೆಲ್ಲ ‘ನಮ್ಮ ಸೀತಾಫಲದ ಎಲಿ ಜರ್ಮನಿಯಾಗ ಪಾಸಾಗ್ಯಾದ’ ಎಂದು ಹೇಳಿಕೊಂಡಿದ್ದ. ಅದನ್ನು ನಂಬಿ ಯಾರೋ ಸಾಯುವ ಆಡಿಗೆ ಸರಿಯಾದ ಔಷಧಿ ಬಿಟ್ಟು ಎಲೆ ಅರೆದು ಹಾಕಿದರೆ? ಅಲ್ಲಿಗೆ ಆ ತಂಪು ಹೋಯಿತು.

ಅವಳು ಮಾರ್ಗದರ್ಶಿ ಡಾ. ಫೋಗ್ಟ್ ಅವರಿಗೆ ಫೋನ್ ಮಾಡಿದಳು. ಆಕೆ ಪೂರ್ತಿ ಕೇಳಿ, ಆ ಆಡುಗಳನ್ನು ಲೆಕ್ಕದಿಂದ ತೆಗೆದು ನೋಡಬಹುದೇ ಎಂದು ಕೇಳಿದರು. ಪೂನಂ ಮುದುಕಿಯತ್ತ ತಿರುಗಿದಳು.

“ಯಾವ ಆಡು, ಆಯಿ? ಬಿಲ್ಲೆ ನಂಬರ್ ನೆನಪದ?”

“ನಂಬರ್ ನನಗೇನ್ ಗೊತ್ತು. ಚಂದ್ರಿ, ಕರಿಮೂತಿ... ಮೂರನೇದು ಗುಡ್ಡಿ ಇರ್ಬೇಕು, ಇಲ್ಲಾ ಅದರ ತಂಗಿ. ಇನ್ನೊಂದಕ್ಕೂ ಹೊಯ್ದೆನೋ ಏನೋ, ಖಾತ್ರಿ ಹೇಳಂಗಿಲ್ಲ.”

ಪೂನಂ ಜರ್ಮನ್‌ನಲ್ಲಿ ಹೇಳಿದಳು: ಯಾವವು ಎಂಬುದೇ ಖಚಿತವಿಲ್ಲ. ಖಚಿತವಿದ್ದರೂ ಅವು ಅತಿ ಸೊರಗಿದವು; ಅವನ್ನು ತೆಗೆದರೆ ನೀರಿನ ಗುಂಪಿನಲ್ಲಿ ಗಟ್ಟಿ ಆಡುಗಳೇ ಉಳಿದು ಹೋಲಿಕೆ ವಾಲುತ್ತದೆ. ಫೋಗ್ಟ್, ಹಾಗಾದರೆ ಏನು ಬರೆಯಬೇಕೆಂದು ನಿನಗೇ ಗೊತ್ತಿದೆ, ಬರೆದು ಕಳಿಸು ಎಂದರು.

ಋತುಮಾನದ ವಾಕ್ಯ ಅಳಿಸಿದಳು. ಹನ್ನೊಂದು ಪದ ಹೋದವು. ಆ ಜಾಗದಲ್ಲಿ ಬರೆದಳು: ನೀರಿನ ಗುಂಪಿನ ಕನಿಷ್ಠ ಮೂರು ಪ್ರಾಣಿಗಳು ಇದೇ ಔಷಧಿಯನ್ನು ತಿಳಿಯದ ಪ್ರಮಾಣದಲ್ಲಿ ಪಡೆದಿರುವುದರಿಂದ, ಇದರ ಪರಿಣಾಮವನ್ನು ಅಂತಿಮವಾಗಿ ಅಳೆಯಲು ಬರುವುದಿಲ್ಲ. ಜರ್ಮನ್‌ನಲ್ಲಿ ಇಪ್ಪತ್ತು ಪದ. ‘ನಿಜವಾದ ಪರಿಣಾಮ ಇದಕ್ಕಿಂತ ಹೆಚ್ಚಿರಬಹುದು’ ಎಂದು ಸೇರಿಸಲು ಬೆರಳು ತುಡಿಯಿತು. ಇರಬಹುದು. ಆದರೆ ಎಷ್ಟು ಕುಡಿಸಿದ್ದೆಂದೇ ತಿಳಿಯದ ಮೇಲೆ ಆ ‘ಬಹುದು’ ಮತ್ತೊಂದು ಚಾದರ. ಬಿಟ್ಟಳು.

ಒಟ್ಟು ಇನ್ನೂರ ಐವತ್ತೇಳು. ಏಳು ಪದ ಕಡಿಯಬೇಕು. ಮೊದಲ ಸಾಲಿನ ‘ಅತ್ಯಂತ ಭರವಸೆಯ, ಎಲ್ಲೆಡೆ ಸುಲಭವಾಗಿ ಸಿಗುವ’ ಎಂಬ ಸೀತಾಫಲದ ಹೊಗಳಿಕೆ, ಜರ್ಮನ್‌ನಲ್ಲಿ ಏಳು ಪದ, ಉದುರಿತು. ಮೂರು ಗಂಟೆ ಐದು. ಒಪ್ಪಿಗೆ ಪತ್ರದ ಸುಳ್ಳು ಸಾಲು ಹೊಡೆದು, ನಡೆದದ್ದನ್ನು ಕೈಯಲ್ಲಿ ಬರೆದು ಗಂಗುಬಾಯಿಗೆ ಓದಿ ಹೇಳಿದಳು.

“ನನ್ ಹೆಸರು ಅಚ್ಚಿನ್ಯಾಗ ಬರ್ತದೇನು?”

“ಇಲ್ಲ ಆಯಿ. ಈ ಕಾಗದ ಆಫೀಸಿನ್ಯಾಗೇ ಉಳೀತದ. ನನ್ ಹೆಸರಷ್ಟೇ ಬರೋದು.”

ಮುದುಕಿ ಹೆಬ್ಬೆಟ್ಟು ಒತ್ತಿದಳು, ಒತ್ತಿ ಹಿಡಿದಳು. ಪೂನಂ ಅದರ ಫೋಟೋ ತೆಗೆದು ಸಾರಾಂಶದ ಜೊತೆಗೆ ಸೇರಿಸಿದಳು. ಭೀಮಶಾನ ಫೋನಿನ ಇಂಟರ್ನೆಟ್ ಎರಡು ಸಲ ಕಡಿದು, ಮೂರನೆಯ ಸಲ ಹತ್ತಿತು. ಮೂರು ಇಪ್ಪತ್ತಾರಕ್ಕೆ ‘ತಲುಪಿದೆ’ ಎಂಬ ಸಾಲು ಬಂತು.

ಅದರ ಹಿಂದೆಯೇ ಫೋಗ್ಟ್ ಅವರ ಪತ್ರ. ಸಾರಾಂಶ ಸರಿಯಾಗಿದೆ, ವಿಶೇಷ ಸಂಚಿಕೆಗೆ ಇದು ಆಯ್ಕೆಯಾಗುವುದು ಕಷ್ಟವೆಂದೇ ತೋರುತ್ತದೆ, ಪ್ರಯೋಗವನ್ನು ಮತ್ತೊಮ್ಮೆ ಮಾಡಬೇಕಾಗುತ್ತದೆ, ಮುಂದಿನ ಮಳೆಗಾಲಕ್ಕೆ. ಪೂನಂ ಎರಡು ಸಲ ಓದಿದಳು. ವರ್ಷ ಹೋಯಿತು. ಇಲ್ಲಿ ‘ಬಹುಶಃ’ ಇಡಲು ಜಾಗವೇ ಇರಲಿಲ್ಲ.

ಅವಳ ಮುಖ ನೋಡಿ ಗಂಗುಬಾಯಿ ಏನಾಯಿತೆಂದು ಕೇಳಿದಳು. ಪೂನಂ ಹೇಳಿದಳು. ಮುದುಕಿ ಬೆರಳಿನ ಶಾಯಿಯನ್ನು ಸೆರಗಿಗೆ ಒರೆಸುತ್ತ ಯೋಚಿಸಿದಳು.

“ಮತ್ತ ಮಾಡ್ತಿ ಅಂದ್ರ ಮಾಡು, ನನ್ ಆಡು ಕೊಡ್ತೀನಿ. ಆದ್ರ ನೀರ್ ಕುಡ್ಸೋ ಆಡ್ಗೋಳ್ನ ಬ್ಯಾರೆ ಯಾರ್ದಾರೆ ಹಟ್ಟ್ಯಾಗ ಕಟ್ಟು. ನನ್ ಕಣ್ಮುಂದ ಬ್ಯಾಡ. ಮತ್ತ ಆ ಫೋನು ಚೀಲದಾಗ ಇಡಬ್ಯಾಡ.”

ಪೂನಂ ಲ್ಯಾಪ್‌ಟಾಪಿನಲ್ಲಿ ಹೊಸ ಪುಟ ತೆರೆದು ಆ ಎರಡನ್ನೂ ಬರೆದುಕೊಂಡಳು.