ಹೊಸ ಮನೆಯಲ್ಲಿ ನನ್ನ ವಾಸನೆ

ಸೋಪು, ಇಲ್ಲೂ ಸೋಪು, ಮಂಚದ ಕಾಲಿಗೆ ಮೂಗು ಚಾಚಿದರೂ ಸೋಪು, ನೆಲಕ್ಕೆ ಫಿನಾಯಿಲು, ಗೋಡೆಗೆ ಹಸಿ ಬಣ್ಣ, ಇಡೀ ಮನೆಯಲ್ಲಿ ನನ್ನ ವಾಸನೆಯೇ ಇಲ್ಲವಲ್ಲ, ಹಾಗಾದರೆ ನಾನೆಲ್ಲಿ — ಮಂಚದಡಿಯ ಮೂಲೆಗೆ ಬೆನ್ನು ಒತ್ತಿ ಕೂತಿದ್ದೇನೆ, ಗೋಡೆಯೊಳಗಿನ ಕೊಳವೆಯಲ್ಲಿ ನೀರು ಗುಳುಗುಳು ಇಳಿಯುತ್ತದೆ, ತಲೆಯ ಮೇಲೆ ಯಾರೋ ನಡೆಯುತ್ತಾರೆ, ಹಳ್ಳಿಯಲ್ಲಿ ಮನೆಮಂದಿಯ ತಲೆ ಮೇಲೆ ನಡೆಯುವ ಹಕ್ಕು ನನಗೊಬ್ಬಳಿಗೇ ಇತ್ತು, ಹೆಂಚಿನ ಮೇಲೆ, ಎಳೆ ಬಿಸಿಲಿಗೆ. ಅಲ್ಲಿ ಬಾಗಿಲ ಚೌಕಟ್ಟಿಗೆ ದಿನವೂ ಕೆನ್ನೆ ಉಜ್ಜುತ್ತಿದ್ದೆ, ಇದು ನನ್ನದು, ಇದೂ ನನ್ನದು, ಆಮೇಲೆ ಬುಟ್ಟಿ, ಮುಚ್ಚಳ, ಗಾಡಿಯ ನಡುಕ, ಬಾಯಿ ತುಂಬ ಜೊಲ್ಲು, ಬುಟ್ಟಿಯ ಕಿಂಡಿಯಲ್ಲಿ ಅವಳ ಕೈ, ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳು. ಅವಳು ಹೊಲಿಯುವವಳು, ನಾನು ಅವಳ ಮಿಷನ್ನಿನ ಪಕ್ಕ ಚಿಂದಿ ಚೀಲದಲ್ಲಿ ಮಲಗುವವಳು, ಗಂಡನನ್ನು ಅವಳು ಯಜಮಾನರು ಎನ್ನುತ್ತಾಳೆ, ಪಾಪ, ಅವನೂ ನಂಬಿದ್ದಾನೆ. ಹೊಸ ಮನೆಗೆ ಎಲ್ಲವೂ ಚೊಕ್ಕಟವಾಗಿರಲಿ ಎಂದು ನನ್ನ ಕಂಬಳಿಯನ್ನೂ ತಿಕ್ಕಿ ತೊಳೆದಳು, ಪ್ರೀತಿಯಿಂದಲೇ, ಕೊಳೆಯ ಜೊತೆ ನಾನೂ ತೊಳೆದುಹೋದೆ. ತಟ್ಟೆಯಲ್ಲಿ ಮೀನು, ಬೇಡ, ಉಚ್ಚೆಗೆಂದು ಇಟ್ಟ ಟ್ರೇಯಲ್ಲಿ ಮಣ್ಣಿಲ್ಲ, ಅಂಗಡಿಯ ಹರಳು, ಅದಕ್ಕೆ ಹೂವಿನ ಸೆಂಟು ಬೇರೆ, ಅದರ ಮೇಲೆ ಕೂರುವುದುಂಟೇ, ನಿನ್ನೆಯಿಂದ ತಡೆದು ತಡೆದು ಕಿಬ್ಬೊಟ್ಟೆ ಕಲ್ಲಾಗಿದೆ, ನೋಯುತ್ತದೆ.

ಫೋನಿನಲ್ಲಿ ಪ್ರಾಣಿಗಳ ಡಾಕ್ಟರು, ಸಂಜೆಯೊಳಗೆ ಉಚ್ಚೆ ಮಾಡದಿದ್ರೆ ಕರ್ಕೊಂಡು ಬನ್ನಿ, ತಡ ಮಾಡಿದ್ರೆ ಜೀವಕ್ಕೇ ಕುತ್ತು, ಯಜಮಾನ ಮಂಡಿಯೂರಿ ತೋಳು ಚಾಚುತ್ತಾನೆ, ನಾನು ಬುಸ್ಸೆನ್ನುತ್ತೇನೆ, ಈಗ್ಲೇ ಎಳೆದು ಬುಟ್ಟಿಗೆ ಹಾಕ್ತೀನಿ ಎನ್ನುತ್ತಾನೆ, ಬೇಡ ರೀ, ಸಂಜೆವರೆಗೂ ನೋಡೋಣ, ಎಳೆದ್ರೆ ಮತ್ತೆ ನಮ್ಮನ್ನ ನಂಬಲ್ಲ, ಅದರ ಗುರುತೆಲ್ಲ ನಾನೇ ತೊಳೆದುಬಿಟ್ಟೆ. ಅವನ ಹೆಜ್ಜೆ ಹೊರಗೆ, ಕೋಣೆಯ ಬಾಗಿಲು ಮುಚ್ಚಿತು, ಅವಳು ಟ್ರೇಯ ಹರಳನ್ನೆಲ್ಲ ಚೀಲಕ್ಕೆ ಸುರಿದಳು, ಊರಿಂದ ತಂದ ಗುಲಾಬಿ ಕುಂಡದಿಂದ ಖಾಲಿ ಟ್ರೇಗೆ ಮಣ್ಣು ಉದುರುತ್ತಿದೆ, ಹಿತ್ತಲ ಮಣ್ಣು, ಎರೆಹುಳದ ಮಣ್ಣು — ಇನ್ನೂ ಬಿಚ್ಚದ ಚಿಂದಿ ಚೀಲ ಮಂಚದಡಿಗೆ ಸರಿದು ಬಂತು, ಮಿಷನ್ ಎಣ್ಣೆ, ನೂಲು, ನನ್ನದೇ ಕೂದಲು, ನಾನು, ಅಯ್ಯೋ ನಾನು ಇಲ್ಲೇ ಇದ್ದೇನೆ. ಅವಳು ನೆಲದ ಮೇಲೆ ಮಲಗಿದ್ದಾಳೆ, ಮುಖ ಆಚೆ ತಿರುಗಿಸಿ, ನೋಡುತ್ತಿಲ್ಲ, ಕರೆಯುತ್ತಿಲ್ಲ, ಕೈ ಮಾತ್ರ ಮಂಚದಡಿ, ಅಂಗೈ ಮೇಲಾಗಿ. ಹೊಟ್ಟೆ ನೆಲಕ್ಕೆ ತಾಗಿಸಿ ತೆವಳುತ್ತೇನೆ, ಆ ಕೈ ಅಲುಗುವುದಿಲ್ಲ, ದಾಟುತ್ತೇನೆ, ಮಣ್ಣು ಕೆದರುತ್ತೇನೆ, ಕೂರುತ್ತೇನೆ, ಕಲ್ಲು ಕರಗುತ್ತದೆ, ಹರಿಯುತ್ತದೆ, ಎಷ್ಟು ಹಿತ, ಮಣ್ಣು ಮುಚ್ಚುವ ಸರಸರ ಅವಳಿಗೂ ಕೇಳಿಸಿತು, ಬೆನ್ನು ಅಲುಗುತ್ತಿದೆ, ಅಳುತ್ತಿದ್ದಾಳೆ, ಆದರೂ ಏಳಲಿಲ್ಲ. ಮಂಚದ ಕಾಲಿಗೆ ಕೆನ್ನೆ ಉಜ್ಜುತ್ತೇನೆ, ಇದು ನನ್ನದು, ಆಮೇಲೆ ಆ ಒರಟು ಬೆರಳಿಗೆ, ಇದೂ, ಅದು ನನ್ನನ್ನು ಹಿಡಿಯುವುದಿಲ್ಲ, ಹಿಡಿಯಬಹುದಿತ್ತು, ಇಷ್ಟು ಹತ್ತಿರವಿದ್ದೇನೆ, ಹಿಡಿಯುವುದಿಲ್ಲ, ಕೈ, ಅಂಗೈ ಮೇಲಾಗಿ, ತೆರೆದ ಕೈ —