ನಲವತ್ತು ಬಣ್ಣಗಳ ಅರ್ಧ ಪೈಸೆ

ಬಿಲ್ಲು ಎರಡನೇ ಸಲ ವಾಪಸ್ ಬಂದಾಗ ಕಂಪ್ಯೂಟರನ್ನು ಎತ್ತಿ ಬೀದಿಗೆ ಎಸೆಯಬೇಕೆನಿಸಿತು. ಎಸೆಯಲಿಲ್ಲ, ಅದು ಅಕ್ಕನದು. ಈ ದಾರದ ಅಂಗಡಿಯೂ ಅಕ್ಕನದು. ಇಲ್ಲಿ ನನ್ನದು ಅಂತ ಇರುವುದು ಲೆಕ್ಕ ಬರೆಯುವ ಕೆಲಸ ಮತ್ತು ಮೂಗಿನ ತುದಿಯ ಕೋಪ.

ಬಟ್ಟೆ ಕಾರ್ಖಾನೆಯೊಂದು ನಮ್ಮಿಂದ ಮಾದರಿಗೆಂದು ನಲವತ್ತು ಬಣ್ಣದ ದಾರ ತರಿಸಿಕೊಂಡಿತ್ತು, ಬಣ್ಣಕ್ಕೊಂದು ರೀಲು. ಪ್ರತಿ ಬಣ್ಣಕ್ಕೂ ಬೇರೆ ನಂಬರು ಇರುವುದರಿಂದ ಬಿಲ್ಲಿನಲ್ಲಿ ನಲವತ್ತು ಸಾಲು. ಈ ಬಿಲ್ಲು ಪಾಸಾದರೆ ವರ್ಷವಿಡೀ ದಾರ ಒದಗಿಸುವ ಆರ್ಡರು ನಮ್ಮದು. ಮೂರು ಸಲ ವಾಪಸಾದರೆ ಅವರ ಪಟ್ಟಿಯಿಂದಲೇ ನಮ್ಮ ಅಂಗಡಿ ಔಟು.

ರೀಲಿಗೆ ಹನ್ನೆರಡು ರೂಪಾಯಿ ಮೂವತ್ತು ಪೈಸೆ, ತೆರಿಗೆ ನೂರಕ್ಕೆ ಐದು. ಅಂದರೆ ಅರವತ್ತೊಂದೂವರೆ ಪೈಸೆ. ಅರ್ಧ ಪೈಸೆ ಯಾರ ಜೇಬಲ್ಲೂ ಇಲ್ಲವಾದ್ದರಿಂದ ನಮ್ಮ ಕಂಪ್ಯೂಟರು ಪ್ರತಿ ಸಾಲಿನಲ್ಲೂ ಅದನ್ನು ಅರವತ್ತೆರಡು ಮಾಡಿತ್ತು. ನಲವತ್ತು ಸಾಲು ಕೂಡಿದರೆ ಇಪ್ಪತ್ತನಾಲ್ಕು ರೂಪಾಯಿ ಎಂಬತ್ತು ಪೈಸೆ. ಕಾರ್ಖಾನೆಯವರು ಮೊದಲು ಬೆಲೆಗಳನ್ನು ಕೂಡುತ್ತಾರೆ, ನಾನೂರ ತೊಂಬತ್ತೆರಡು. ಆಮೇಲೆ ಒಂದೇ ಸಲ ತೆರಿಗೆ ಹಾಕುತ್ತಾರೆ. ಇಪ್ಪತ್ತನಾಲ್ಕು ರೂಪಾಯಿ ಅರವತ್ತು ಪೈಸೆ. ನಡುವೆ ಇಪ್ಪತ್ತು ಪೈಸೆಯ ಕಂದಕ. ಬಿಲ್ಲು ಮೊದಲ ಸಲ ವಾಪಸ್ ಬಂದದ್ದು ಇದಕ್ಕೇ.

ಆ ಇಪ್ಪತ್ತು ಪೈಸೆ ತಾನೇ ಕೊಡುತ್ತೇನೆಂದು ಅಕ್ಕ ಹೇಳಿದಳು. ಅದು ಕೊಡುವ ಬಿಡುವ ಮಾತಲ್ಲ, ಬಿಲ್ಲು ತಾಳೆ ನೋಡುವುದು ಕಾರ್ಖಾನೆಯ ಯಂತ್ರ, ಅದರ ಜೊತೆ ಚೌಕಾಸಿ ನಡೆಯುವುದಿಲ್ಲ ಎಂದು ನಾನು ರೇಗಿದೆ. ತೆರಿಗೆ ಕಚೇರಿಗೆ ಎರಡು ರೀತಿಯೂ ಒಪ್ಪಿಗೆಯೇ, ಒಂದನ್ನೇ ಹಿಡಿದಿರಬೇಕಷ್ಟೆ. ಹಾಗಾದರೆ ಅವರ ದಾರಿಯೇ ಆಗಲಿ ಎಂದು ಒಟ್ಟು ಮೊತ್ತದ ಮೇಲೆ ಮಾತ್ರ ಪೈಸೆ ಸರಿಹೊಂದುವ ಹಾಗೆ ಬದಲಿಸಿ ಕಳಿಸಿದೆ. ಆದರೆ ಸಾಲುಗಳಲ್ಲಿ ಅರವತ್ತೆರಡೇ ಉಳಿದಿತ್ತು. ಸಾಲುಗಳ ಮೊತ್ತಕ್ಕೂ ಕೊನೆಯ ಮೊತ್ತಕ್ಕೂ ತಾಳೆಯಿಲ್ಲವೆಂದು ಬಿಲ್ಲು ತಿರುಗಿ ಬಂತು. ಅತ್ತ ದರಿ, ಇತ್ತ ಪುಲಿ.

ಅಕ್ಕ ರೀಲುಗಳನ್ನು ಪೆಟ್ಟಿಗೆಗೆ ಜೋಡಿಸುತ್ತಲೇ ಹೇಳಿದಳು: "ಇನ್ನೊಂದ್ಸಲ ಹಿಂಗಾದ್ರೆ ಲೆಕ್ಕ ಹೊರಗಿನವರಿಗೆ ಕೊಟ್ಬಿಡ್ತೀನಿ ಕಣೇ."

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವಳು ಬೈಯಲಿಲ್ಲ. ಕೂರಲಾಗದೆ ಅಂಗಡಿಯ ಉದ್ದಕ್ಕೂ ಓಡಾಡಿದೆ, ಫ್ಯಾನು ಹಾಕಿದೆ, ಆರಿಸಿದೆ, ಮತ್ತೆ ಹಾಕಿದೆ. ಕೊನೆಗೆ ಕಾರ್ಖಾನೆಯ ಬಿಲ್ ವಿಭಾಗಕ್ಕೆ ಫೋನ್ ಮಾಡಿದೆ. ಅಲ್ಲಿಯ ಹೆಂಗಸು ಶಾಂತವಾಗಿ ವಿವರಿಸಿದರು: ಒಟ್ಟಿನ ಮೇಲಿನ ತೆರಿಗೆ ಸರಿಯಿರಬೇಕು, ಸಾಲುಗಳು ಕೂಡಿ ಅಷ್ಟೇ ಆಗಬೇಕು, ಒಂದೊಂದು ಸಾಲು ಒಂದು ಪೈಸೆಯೊಳಗೆ ಆಚೀಚೆಯಾದರೆ ಪರವಾಗಿಲ್ಲ.

ಫೋನಿಟ್ಟ ಮೇಲೆ ಅರ್ಧ ಪೈಸೆಯ ಮೇಲೆ ಸಿಟ್ಟು ಬಂದು, ಆ ಸಿಟ್ಟಿನಲ್ಲೇ ದಾರಿ ಹೊಳೆಯಿತು. ಅರ್ಧ ಪೈಸೆಯನ್ನು ಸಾಲುಸಾಲಿಗೂ ಮುಗಿಸಿಬಿಡುವ ಬದಲು ಮುಂದಿನ ಸಾಲಿನ ಹೆಗಲಿಗೆ ದಾಟಿಸಬೇಕು. ಮೊದಲ ಸಾಲಿಗೆ ಅರವತ್ತೆರಡು. ಎರಡು ಸಾಲು ಸೇರಿ ಸರಿಯಾದ ತೆರಿಗೆ ನೂರ ಇಪ್ಪತ್ತಮೂರು, ಆದ್ದರಿಂದ ಎರಡನೆಯದಕ್ಕೆ ಅರವತ್ತೊಂದು. ಹೀಗೆ ಒಂದು ಹೆಚ್ಚು, ಒಂದು ಕಡಿಮೆ. ಇಪ್ಪತ್ತು ಸಾಲಿಗೆ ಅರವತ್ತೆರಡು, ಇಪ್ಪತ್ತಕ್ಕೆ ಅರವತ್ತೊಂದು. ಕೂಡಿದರೆ ಇಪ್ಪತ್ತನಾಲ್ಕು ಅರವತ್ತು.

"ಕೆಂಪಿಗೆ ಅರವತ್ತೆರಡು, ನೀಲಿಗೆ ಅರವತ್ತೊಂದಾ? ಬೆಲೆ ಒಂದೇ ಅಲ್ವೇನೇ?" ಅಕ್ಕ ಕೇಳಿದಳು.

"ಯಾರಾದ್ರೂ ಒಬ್ರು ಹೊರಬೇಕಲ್ಲ ಅಕ್ಕಾ. ಕೆಂಪು ಅಕ್ಕ, ನೀಲಿ ತಂಗಿ ಅಂದ್ಕೋ."

ನಾನು ಕಣ್ಣು ಮುಚ್ಚಿಕೊಂಡು ಕಳಿಸಿದೆ. ಸಂಜೆಯೊಳಗೆ ಬಿಲ್ಲು ಪಾಸಾಯಿತು, ವಾರದಲ್ಲಿ ವರ್ಷದ ಆರ್ಡರೂ ಬಂತು. ನಾನು ಎರಡು ದಿನ ನೆಲದ ಮೇಲೆ ನಡೆಯಲಿಲ್ಲ.

ಆಮೇಲೆ ಒಂದು ನೀಲಿ ರೀಲು ವಾಪಸ್ ಬಂತು, ಬಣ್ಣ ಹೊಂದಲಿಲ್ಲವಂತೆ. ಹಣ ಹಿಂದಿರುಗಿಸುವ ಚೀಟಿ ಮಾಡಲು ಕೂತೆ. ಹನ್ನೆರಡು ಮೂವತ್ತು, ತೆರಿಗೆ ಐದು. ಕಂಪ್ಯೂಟರು ಹೊಸದಾಗಿ ಲೆಕ್ಕ ಹಾಕಿ ಅರವತ್ತೆರಡು ತೋರಿಸಿತು. ನಾನು ಕಳಿಸುವ ಗುಂಡಿ ಒತ್ತುವುದರಲ್ಲಿದ್ದೆ. ಹಿಂದಿನಿಂದ ಅಕ್ಕನ ಕೈ ನನ್ನ ಕೈಮೇಲೆ ಬಿತ್ತು.

"ನೀಲಿಗೆ ತಗೊಂಡಿದ್ದು ಅರವತ್ತೊಂದು. ಅಷ್ಟೇ ವಾಪಸ್ ಕೊಡು. ಅರವತ್ತೆರಡೇ ಕೊಡ್ತಾ ಹೋಗಿ, ಒಂದೊಂದಾಗಿ ಎಲ್ಲಾ ರೀಲೂ ವಾಪಸ್ ಬಂದ್ರೆ, ಆ ಇಪ್ಪತ್ತು ಪೈಸೆ ಮತ್ತೆ ಬಾಗಿಲಿಗೆ ಬಂದು ನಿಲ್ಲುತ್ತೆ."

ಅವಳು ಹೇಳಿದ್ದು ಸರಿಯಾಗಿತ್ತು. ನಾನೇ ಕಟ್ಟಿದ್ದನ್ನು ನಾನೇ ಬಿಚ್ಚುತ್ತಿದ್ದೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಅರವತ್ತೆರಡನ್ನು ಅಳಿಸಿ, ಹಳೆಯ ಬಿಲ್ಲಿನ ಸಾಲಿನಲ್ಲಿದ್ದದ್ದನ್ನೇ ಬರೆದೆ. ಇನ್ನು ಲೆಕ್ಕ ಹೊರಗಿನವರಿಗೆ ಕೊಡುತ್ತೀಯಾ ಎಂದು ಕೇಳಿದೆ, ಅವಳ ಮುಖ ನೋಡದೆ.

ಅಕ್ಕ ನೀಲಿ ರೀಲನ್ನು ಅದರ ಜಾಗಕ್ಕೆ, ಕೆಂಪಿನ ಪಕ್ಕಕ್ಕೆ ಇಟ್ಟಳು. "ಯಾಕೆ ಕೊಡ್ಲಿ? ನಿನ್ನ ಅರ್ಧ ಪೈಸೆ ಹೊರೋಕೆ ನಾನಿದೀನಲ್ಲ," ಅಂದಳು.